ನಸುಕಿನ ಇಪ್ಪತ್ತು ನಿಮಿಷ

ಬೆಂಗಳೂರಿನಲ್ಲಿ ಕೂತು ನ್ಯೂಯಾರ್ಕ್ ಕಡೆಯ ಗ್ರಾಹಕರ ಕರೆಗಳಿಗೆ ಉತ್ತರ ಕೊಡುವುದು ನನ್ನ ಕೆಲಸ. ಅವರ ಬೆಳಿಗ್ಗೆ 9 ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 7:30. ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದರೆ ನಮಗೆ 6:30 ಆಗುತ್ತದೆ. ಆಗ ಕ್ಯಾಬ್ 5:15ಕ್ಕೇ ಬರುತ್ತದೆ. ನನ್ನ ಹೆಂಡತಿ ಶಾಲೆಯ ಕೆಲಸ ಮುಗಿಸಿ ಮನೆಗೆ ಬರುವುದು 5:30ಕ್ಕೆ. ಆ ಕಾಲು ಗಂಟೆ ನವೆಂಬರ್‌ವರೆಗೂ ನಮ್ಮ ಸಂಜೆಗಳನ್ನು ತಿಂದುಬಿಡುತ್ತದೆ.

ಮೊದಮೊದಲು ನಾನು ನಿದ್ದೆಗೆಟ್ಟು ಇದನ್ನು ಸರಿಮಾಡಲು ಹೋದೆ. 4:30ಕ್ಕೆ ಮನೆ ಸೇರಿದರೂ ಮಗಳನ್ನು ಸ್ಕೂಲ್ ಬಸ್ ಹತ್ತಿಸುವವರೆಗೆ ಮಲಗುತ್ತಿರಲಿಲ್ಲ. ಬಾಲ್ಕನಿ ಬಿಸಿಲಲ್ಲಿ ಕಾಫಿ ಕುಡಿಯುತ್ತಿದ್ದೆ. ಬೆಳಗಿನ ಬಿಸಿಲು ಬಿದ್ದರೆ ಮೈ ಹಗಲಾಯಿತು ಅಂದುಕೊಳ್ಳುತ್ತದೆ. 8:30ಕ್ಕೆ ಮಲಗಿದರೆ ಹನ್ನೆರಡಕ್ಕೆಲ್ಲ ಎಚ್ಚರ. ಅಷ್ಟು ಮಾಡಿಯೂ ಸಿಕ್ಕಿದ್ದೇನು? ಆ ಹೊತ್ತಿನಲ್ಲಿ ಮನೆಯವರೆಲ್ಲ ಟಿಫಿನ್ ಡಬ್ಬಿ, ಸಾಕ್ಸ್ ಹುಡುಕಾಟದಲ್ಲಿ ಇರುತ್ತಿದ್ದರು. ನಾನು ಸುಮ್ನೆ ಅಡ್ಡ ಕೂತಿರುತ್ತಿದ್ದೆ, ರೇಗುತ್ತಿದ್ದೆ. ಒಂದು ದಿನ ಮಗಳು ತುಟಿಗೆ ಬೆರಳಿಟ್ಟು ಗೊಂಬೆಗೆ "ಶ್, ಅಪ್ಪ ಮಲಗಿದ್ದಾರೆ" ಅಂದಳು. ನಾನು ಎಚ್ಚರವಾಗಿ ಅವಳ ಎದುರಿಗೇ ಕೂತಿದ್ದೆ.

ಅವತ್ತೇ ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡೆ. "ರೀ, ನೀವು ಬಂದ ಕೂಡಲೇ ಮಲಗಿ. ನಾನೇ ಮುಕ್ಕಾಲು ಗಂಟೆ ಬೇಗ ಏಳ್ತೀನಿ" ಅಂದಳು. ಈಗ ಅವಳು 4:45ಕ್ಕೆ ಏಳುತ್ತಾಳೆ, ಅದಕ್ಕಾಗಿ ರಾತ್ರಿ 9:30ಕ್ಕೇ ಮಲಗುತ್ತಾಳೆ. ಅಡುಗೆಮನೆಯ ಸಣ್ಣ ಬಲ್ಬ್ ಒಂದೇ ಉರಿಯುತ್ತಿರುತ್ತದೆ. ಅವಳಿಗೆ ಕಾಫಿ, ನನಗೆ ಬಿಸಿ ಹಾಲು, ಯಾಕೆಂದರೆ ಆ ಹೊತ್ತಿನ ಕಾಫಿ ಗಂಟೆಗಟ್ಟಲೆ ನಿದ್ದೆ ಕೆಡಿಸುತ್ತದೆ. ಇಪ್ಪತ್ತು ನಿಮಿಷ ಮಾತಾಡುತ್ತೇವೆ, ಫೋನ್ ಮುಟ್ಟುವುದಿಲ್ಲ. ಸೂರ್ಯ ಹುಟ್ಟುವ ಮೊದಲೇ ನಾನು ಹಾಸಿಗೆಯಲ್ಲಿರುತ್ತೇನೆ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿದ್ದೇನೆ. ಹನ್ನೆರಡಕ್ಕೆ ಎದ್ದು ಅಮ್ಮನ ಜೊತೆ ಊಟ ಮಾಡುತ್ತೇನೆ. 4ಕ್ಕೆ ಬಸ್ ಇಳಿಯುವ ಮಗಳಿಗೆ 5:15ರವರೆಗೆ ಪೂರ್ತಿ ಸಿಗುತ್ತೇನೆ.

ಸ್ನೇಹಿತರ ವಿಷಯದಲ್ಲಿ ಒಂದನ್ನು ಬಿಡಲೇಬೇಕಾಯಿತು. ಅವರೆಲ್ಲ ಭಾನುವಾರ ಬೆಳಿಗ್ಗೆ 6ಕ್ಕೆ ಶಟಲ್ ಆಡುತ್ತಾರೆ. ನಾನೂ ಹೋಗಬೇಕೆಂದು ವಾರಾಂತ್ಯದಲ್ಲಿ ರಾತ್ರಿ 10ಕ್ಕೆ ಮಲಗುತ್ತಿದ್ದೆ. ಸೋಮವಾರ ರಾತ್ರಿ 2ರ ಹೊತ್ತಿಗೆ ಗ್ರಾಹಕರ ಜೊತೆ ಮಾತೇ ಹೊರಡುತ್ತಿರಲಿಲ್ಲ. ಈಗ ರಜೆಯಲ್ಲೂ ಮಲಗುವುದು 3ಕ್ಕೆ, ಏಳುವುದು 10:30ಕ್ಕೆ. ಭಾನುವಾರದ ಮಧ್ಯಾಹ್ನ, ಸಂಜೆ ಎರಡೂ ಉಳಿದವು. ಬೆಳಗಿನ ಆಟ ಹೋಯಿತು, ಅದರ ಬೇಜಾರು ಇನ್ನೂ ಇದೆ. ಅವರಲ್ಲೊಬ್ಬನದು ಹಾರ್ಡ್‌ವೇರ್ ಅಂಗಡಿ. ಬುಧವಾರ ಮಧ್ಯಾಹ್ನ 1:30ಕ್ಕೆ ವ್ಯಾಪಾರ ತಣ್ಣಗಿರುತ್ತದೆ. ನಾನೂ ಡಬ್ಬಿ ಹಿಡಿದು ಹೋಗುತ್ತೇನೆ, ಪೇಂಟ್ ಡಬ್ಬಗಳ ಮಧ್ಯೆ ಕೂತು ಇಬ್ಬರೂ ಉಣ್ಣುತ್ತೇವೆ.

ಶಾಲೆಯ ವಾರ್ಷಿಕೋತ್ಸವ, ಮದುವೆ ಆರತಕ್ಷತೆ ಎಲ್ಲ ಸಂಜೆಯೇ. ಅವುಗಳಿಗೆ ರಜೆ ಹಾಕದೆ ಬೇರೆ ದಾರಿ ಸಿಕ್ಕಿಲ್ಲ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಮಾರನೇ ದಿನದಿಂದ ಕ್ಯಾಬ್ 6:15ಕ್ಕೆ. ಕ್ಯಾಲೆಂಡರಿನಲ್ಲಿ ಆ ಸೋಮವಾರಕ್ಕೆ ಹೆಂಡತಿ ಈಗಲೇ ಕೆಂಪು ಗುರುತು ಹಾಕಿದ್ದಾಳೆ.