ಎರಡೂ ತರಗತಿಯ ಸರಾಸರಿ 60: ಗ್ರಾಫ್ ಹಾಳೆಯಲ್ಲಿ ಮಾನಕ ವಿಚಲನೆ

ಕೊಡಗಿನ ಸರಾಸರಿ ಮಳೆ ಇಷ್ಟು ಎಂದು ಒಂದೇ ಅಂಕಿ ಹೇಳಿದರೆ ಮಳೆ ಸುರಿಯುವ ಭಾಗಮಂಡಲದವರೂ ನಗುತ್ತಾರೆ, ಮಳೆ ಕಡಿಮೆಯ ಕುಶಾಲನಗರದವರೂ ನಗುತ್ತಾರೆ. ಆ ಅಂಕಿ ಇಬ್ಬರ ಊರಿನದೂ ಅಲ್ಲ. ಅಂಕಪಟ್ಟಿಯ ಕೊನೆಯಲ್ಲಿ ಬರೆಯುವ ‘ತರಗತಿ ಸರಾಸರಿ’ಯ ಕಥೆಯೂ ಇದೇ. ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಕಲಿಸುವಾಗ ನಾನು ಬಳಸುವ ಎರಡು ಪಟ್ಟಿಗಳು ಇವು. ಅಂಕಗಳನ್ನು ಪಾಠಕ್ಕೆಂದೇ ಆರಿಸಿಕೊಂಡಿದ್ದೇನೆ. ತರಗತಿಗೆ ಹತ್ತೇ ಮಕ್ಕಳು. ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಅದೇನೂ ವಿಚಿತ್ರವಲ್ಲ, ಕೈಲೆಕ್ಕಕ್ಕೂ ಅನುಕೂಲ.

ಎ ಸೆಕ್ಷನ್: 52, 55, 57, 58, 60, 60, 62, 63, 66, 67.
ಬಿ ಸೆಕ್ಷನ್: 28, 33, 40, 48, 58, 63, 74, 80, 86, 90.

ಯಾವ ಸೆಕ್ಷನ್‌ನ ಅಂಕ ಕೂಡಿದರೂ 600, ಸರಾಸರಿ 60. ಪಾಸಿಗೆ 35 ಎಂದು ಇಟ್ಟುಕೊಂಡರೆ ಎ ಸೆಕ್ಷನ್‌ನಲ್ಲಿ ಎಲ್ಲರೂ ಪಾಸು, ಬಿ ಸೆಕ್ಷನ್‌ನಲ್ಲಿ ಇಬ್ಬರು ಫೇಲು. ಅದೇ ಬಿ ಸೆಕ್ಷನ್‌ನಲ್ಲಿ 80 ಮತ್ತು ಅದಕ್ಕಿಂತ ಹೆಚ್ಚು ತೆಗೆದವರು ಮೂವರಿದ್ದಾರೆ, ಎ ಸೆಕ್ಷನ್‌ನಲ್ಲಿ 70 ದಾಟಿದವರೇ ಇಲ್ಲ.

ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಮಿಲಿಮೀಟರ್ ಗ್ರಾಫ್ ಹಾಳೆ ಕೊಡುತ್ತೇನೆ. ಒಂದು ಅಂಕಕ್ಕೆ ಒಂದು ಮಿಲಿಮೀಟರ್. 0ರಿಂದ 100ರವರೆಗೆ ಅಡ್ಡಗೆರೆ, 60ರ ಹತ್ತಿರ ಒಂದು ಲಂಬಗೆರೆ, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಚುಕ್ಕೆ. ಎ ಸೆಕ್ಷನ್‌ನ ಚುಕ್ಕೆಗಳು ಲಂಬಗೆರೆಯ ಅಕ್ಕಪಕ್ಕದಲ್ಲೇ ಗುಂಪುಗೂಡುತ್ತವೆ. ಬಿ ಸೆಕ್ಷನ್‌ನವು ಹಾಳೆಯ ಉದ್ದಕ್ಕೂ ಚೆಲ್ಲಿಕೊಂಡಿರುತ್ತವೆ. ಈ ಚೆಲ್ಲುವಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಪ್ರತಿಯೊಬ್ಬರೂ ಸರಾಸರಿಯಿಂದ ಎಷ್ಟು ದೂರ ಎಂದು ಬರೆದುಕೊಳ್ಳುವುದು ಮೊದಲ ಹೆಜ್ಜೆ. ಎ ಸೆಕ್ಷನ್‌ನಲ್ಲಿ ಈ ವಿಚಲನೆಗಳು −8, −5, −3, −2, 0, 0, 2, 3, 6, 7. ಬಿ ಸೆಕ್ಷನ್‌ನಲ್ಲಿ −32, −27, −20, −12, −2, 3, 14, 20, 26, 30. ಮಕ್ಕಳು ಮಾಡಲು ಹೊರಡುವ ಮುಂದಿನ ಕೆಲಸ ಇವುಗಳ ಸರಾಸರಿ ತೆಗೆಯುವುದು. ತೆಗೆಯಲಿ ಎಂದು ಬಿಡುತ್ತೇನೆ. ಎ ಸೆಕ್ಷನ್‌ನಲ್ಲಿ −18 ಮತ್ತು 18, ಬಿ ಸೆಕ್ಷನ್‌ನಲ್ಲಿ −93 ಮತ್ತು 93. ಎರಡೂ ಕಡೆ ಮೊತ್ತ ಸೊನ್ನೆ. ಇದು ಕಾಕತಾಳೀಯವಲ್ಲ. ಎಡಬಲದ ದೂರಗಳು ಸರಿತೂಗುವ ಜಾಗಕ್ಕೇ ಸರಾಸರಿ ಎಂದು ಹೆಸರು. ಹಾಗಾಗಿ ಈ ಸೊನ್ನೆ ಹರಡುವಿಕೆಯ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ಲೆಕ್ಕ ಪರೀಕ್ಷಿಸಲು ಬಹಳ ಒಳ್ಳೆಯದು: ಮೊತ್ತ ಸೊನ್ನೆ ಬರಲಿಲ್ಲ ಎಂದರೆ ಸರಾಸರಿಯೋ ಕಳೆಯುವುದೋ ತಪ್ಪಿದೆ, ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಹೋಗಬೇಕು.

ಈಗ ಪ್ರತಿ ಚುಕ್ಕೆಯಿಂದ 60ರ ಗೆರೆಯವರೆಗಿನ ದೂರವನ್ನೇ ಬಾಹುವಾಗಿ ಇಟ್ಟುಕೊಂಡು ಒಂದೊಂದು ಚೌಕ ಬರೆಯಬೇಕು. 52 ತೆಗೆದವನ ಚೌಕ 8 ಮಿ.ಮೀ. ಬಾಹುವಿನದು, ವಿಸ್ತೀರ್ಣ 64. 28 ತೆಗೆದವಳ ಚೌಕ 32 ಮಿ.ಮೀ. ಬಾಹುವಿನದು, ವಿಸ್ತೀರ್ಣ 1024. ಎಡಕ್ಕಿದ್ದರೂ ಬಲಕ್ಕಿದ್ದರೂ ವಿಸ್ತೀರ್ಣ ಧನಾತ್ಮಕವೇ, ಒಂದನ್ನೊಂದು ನುಂಗುವ ತೊಂದರೆ ಇಲ್ಲಿಲ್ಲ. ಎ ಸೆಕ್ಷನ್‌ನ ಚೌಕಗಳ ಒಟ್ಟು ವಿಸ್ತೀರ್ಣ 200. ಬಿ ಸೆಕ್ಷನ್‌ನದು 4482.

ಹತ್ತರಿಂದ ಭಾಗಿಸಿದರೆ ಎ ಸೆಕ್ಷನ್‌ಗೆ 20, ಬಿ ಸೆಕ್ಷನ್‌ಗೆ 448.2. ಇದೇ ವೇರಿಯನ್ಸ್: ಸರಾಸರಿ ಚೌಕದ ವಿಸ್ತೀರ್ಣ. ಆ ಚೌಕದ ಬಾಹು ಎಷ್ಟು ಎಂದು ಕೇಳಿದರೆ ಬರುವ ಉತ್ತರ ಮಾನಕ ವಿಚಲನೆ. 20ರ ವರ್ಗಮೂಲ 4.47, 448.2ರ ವರ್ಗಮೂಲ 21.17. ಈ ಎರಡು ಚೌಕಗಳನ್ನು ಕತ್ತರಿಸಿ ಅಂಟಿಸಿಟ್ಟರೆ ಒಂದು ಉಗುರಿನಷ್ಟೂ ಇಲ್ಲ, ಇನ್ನೊಂದು ಸಣ್ಣ ಅಂಚೆಚೀಟಿಯಷ್ಟಿದೆ. ವರ್ಗಮೂಲ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ತೋಟದ ವಿಸ್ತೀರ್ಣ ಎಕರೆಯಲ್ಲಿ, ಬೇಲಿಯ ಉದ್ದ ಅಡಿಯಲ್ಲಿ. ಎಕರೆ ಹೇಳಿ ತಂತಿ ಕೊಳ್ಳಲಾಗದು. ವೇರಿಯನ್ಸ್ ‘ಚದರ ಅಂಕ’ದಲ್ಲಿರುತ್ತದೆ, ಅಂಥ ಅಂಕವನ್ನು ಯಾರೂ ಪತ್ರಿಕೆಯಲ್ಲಿ ಕೊಡುವುದಿಲ್ಲ. ಮಾನಕ ವಿಚಲನೆ ಮಾತ್ರ ಅಂಕದ ಅಳತೆಗೇ ಮರಳಿ ಬರುತ್ತದೆ.

ಚೌಕದ ಬದಲು ಮೈನಸ್ ಚಿಹ್ನೆಯನ್ನಷ್ಟೇ ಅಳಿಸಿ ಸರಾಸರಿ ತೆಗೆದರೆ ಆಗದೇ ಎಂದು ಚುರುಕಾದವರು ಕೇಳುತ್ತಾರೆ. ಆಗುತ್ತದೆ: ಎ ಸೆಕ್ಷನ್‌ಗೆ 3.6, ಬಿ ಸೆಕ್ಷನ್‌ಗೆ 18.6 ಬರುತ್ತದೆ, ಅದೂ ನ್ಯಾಯವಾದ ಅಳತೆಯೇ. ಚೌಕದ ವಿಶೇಷವೆಂದರೆ ದೂರದವರಿಗೆ ಅದು ಹೆಚ್ಚು ತೂಕ ಕೊಡುತ್ತದೆ. ಬಿ ಸೆಕ್ಷನ್‌ನ 4482ರಲ್ಲಿ 28 ಮತ್ತು 33 ತೆಗೆದ ಇಬ್ಬರದೇ 1753. ಇನ್ನೊಂದು ಅನುಕೂಲ ಎರಡು ತರಗತಿಗಳನ್ನು ಸೇರಿಸುವಾಗ ಕಾಣುತ್ತದೆ. ಎರಡರ ಸರಾಸರಿಯೂ 60 ಆದ್ದರಿಂದ ಇಪ್ಪತ್ತು ಮಕ್ಕಳ ವೇರಿಯನ್ಸ್ 4682 ಭಾಗಿಸು 20, ಅಂದರೆ 234.1, ಮಾನಕ ವಿಚಲನೆ 15.30. ಇದನ್ನು 4.47 ಮತ್ತು 21.17ರ ಸರಾಸರಿ ಎಂದು 12.82 ಬರೆಯುವುದು ತಪ್ಪು. ಕೂಡಿಸಬೇಕಾದದ್ದು ಚೌಕಗಳನ್ನು, ಬಾಹುಗಳನ್ನಲ್ಲ.

ಇನ್ನು ಕೈಕೊಡುವ ಜಾಗಗಳು. ಪಠ್ಯದಲ್ಲಿ ಬರುವ ಅಡ್ಡದಾರಿ ಸೂತ್ರ ಗೊತ್ತಲ್ಲ: ಅಂಕಗಳ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆ. ಸೂತ್ರ ಸರಿಯೇ, ಆದರೆ ಸರಾಸರಿಯನ್ನು ದುಂಡು ಮಾಡಿದರೆ ಅದು ಕ್ಷಮಿಸುವುದಿಲ್ಲ. ಎ ಸೆಕ್ಷನ್‌ನ 67ನ್ನು ಮರುಎಣಿಕೆಯಲ್ಲಿ 71 ಎಂದು ತಿದ್ದಿದೆವು ಎನ್ನಿ. ಮೊತ್ತ 604, ಸರಾಸರಿ 60.4, ವರ್ಗಗಳ ಮೊತ್ತ 36752. ಸರಿಯಾದ ಲೆಕ್ಕ: 3675.2 − 3648.16 = 27.04, ಮಾನಕ ವಿಚಲನೆ ನಿಖರವಾಗಿ 5.2. ಸರಾಸರಿಯನ್ನು 60 ಎಂದು ದುಂಡು ಮಾಡಿದವನಿಗೆ 3675.2 − 3600 = 75.2 ಬಂದು, ಉತ್ತರ 8.67 ಆಗುತ್ತದೆ. ಆ 67 ಒಂದು ವೇಳೆ 73 ಆಗಿದ್ದರೆ ಸರಾಸರಿ 60.6. ಅದನ್ನು 61 ಎಂದು ದುಂಡು ಮಾಡಿದರೆ 3704 − 3721 = −17, ವರ್ಗಮೂಲ ಒತ್ತಿದಾಗ ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. ಹಾಗೆ ದೋಷ ತೋರಿಸಿದರೆ ಅದೃಷ್ಟ, 8.67 ಬಂದವನಿಗೆ ಅನುಮಾನವೂ ಬರುವುದಿಲ್ಲ.

ಕಾರಣ ಇಷ್ಟೇ: ಸುಮಾರು 3,600ರ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಬೇಕಾದ ಚಿಕ್ಕ ಸಂಖ್ಯೆ ತೆಗೆಯುತ್ತಿದ್ದೇವೆ, ದೊಡ್ಡದರಲ್ಲಾದ ಸಣ್ಣ ತಪ್ಪು ಚಿಕ್ಕದನ್ನು ಮುಳುಗಿಸಿಬಿಡುತ್ತದೆ. ಅದೇ 71 ಇರುವ ಪಟ್ಟಿಗೆ ವಿಚಲನೆಗಳನ್ನು 60ರಿಂದಲೇ ತೆಗೆದು ಚೌಕ ಮಾಡಿ ನೋಡಿ: 272 ಭಾಗಿಸು 10, ಅಂದರೆ 27.2, ಮಾನಕ ವಿಚಲನೆ 5.22. ತಪ್ಪಿದ್ದರೂ ಕೂದಲೆಳೆಯಷ್ಟು. ಹಾಗಾಗಿ ಕೈಯಲ್ಲಿ ಮಾಡುವಾಗ ನಾನು ನೇರ ದಾರಿಯನ್ನೇ ಹಿಡಿಸುತ್ತೇನೆ. ಅಡ್ಡದಾರಿ ಹಿಡಿದರೆ ಸರಾಸರಿಯ ಒಂದು ದಶಾಂಶವನ್ನೂ ಬಿಡಬಾರದು.

ಎರಡನೆಯದು ಗೈರುಹಾಜರಿ. ಜುಲೈ ಮಳೆಯಲ್ಲಿ ರಸ್ತೆ ಕಟ್ಟಿ ಪರೀಕ್ಷೆಗೆ ಬಾರದ ಒಬ್ಬಳು ಎ ಸೆಕ್ಷನ್‌ನಲ್ಲಿ ಹನ್ನೊಂದನೆಯವಳು ಎಂದುಕೊಳ್ಳಿ. ಅವಳ ಹೆಸರಿನ ಮುಂದೆ 0 ತುಂಬಿದರೆ ಸರಾಸರಿ 54.5ಕ್ಕೆ ಇಳಿಯುತ್ತದೆ. ಅದನ್ನು ಯಾರಾದರೂ ಗಮನಿಸದೇ ಹೋಗಬಹುದು. ಆದರೆ ಮಾನಕ ವಿಚಲನೆ 4.47ರಿಂದ 17.77ಕ್ಕೆ ಜಿಗಿಯುತ್ತದೆ, ಒಂದೇ ಒಂದು ಸೊನ್ನೆ, ಒತ್ತಾಗಿದ್ದ ತರಗತಿಯನ್ನು ಹೆಚ್ಚುಕಡಿಮೆ ಬಿ ಸೆಕ್ಷನ್‌ನ ಸಾಲಿಗೆ ತಂದು ನಿಲ್ಲಿಸುತ್ತದೆ. ಬರೆದು ಸೊನ್ನೆ ತೆಗೆದವರಿಗೆ ಮಾತ್ರ 0, ಬಾರದವರಿಗೆ ಖಾಲಿ ಮನೆ. ಎಕ್ಸೆಲ್‌ನಲ್ಲಿ ಖಾಲಿ ಮನೆಯನ್ನೂ ‘ಗೈರು’ ಎಂಬ ಅಕ್ಷರವನ್ನೂ ಈ ಸೂತ್ರಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ:

```
=AVERAGE(B2:B12)
=VAR.P(B2:B12)
=STDEV.P(B2:B12)
=COUNT(B2:B12)
```

ಕೊನೆಯ ಸಾಲು ಕಾವಲಿಗೆ. ಪರೀಕ್ಷೆ ಬರೆದವರ ಸಂಖ್ಯೆಗೂ ಅಲ್ಲಿ ಬಂದ ಸಂಖ್ಯೆಗೂ ತಾಳೆಯಾಗದಿದ್ದರೆ ಮೇಲಿನ ಮೂರನ್ನೂ ನಂಬಬೇಡಿ.

`STDEV.P` ಬದಲು `STDEV.S` ಹಾಕಿದರೆ ಉತ್ತರ ಬೇರೆ. ಅದು 10ರಿಂದಲ್ಲ, 9ರಿಂದ ಭಾಗಿಸುತ್ತದೆ: ಎ ಸೆಕ್ಷನ್‌ಗೆ 4.71, ಬಿ ಸೆಕ್ಷನ್‌ಗೆ 22.32. ಕ್ಯಾಲ್ಕುಲೇಟರಿನ `σx` ಮತ್ತು `sx` ನಡುವಿನ ವ್ಯತ್ಯಾಸವೂ ಇದೇ. ನಮಗೆ ಬೇಕಾದದ್ದು ಈ ಹತ್ತೇ ಮಕ್ಕಳ ವಿಷಯವಾದರೆ 10ರಿಂದ ಭಾಗಿಸಬೇಕು. ಇಡೀ ತಾಲ್ಲೂಕಿನ ಮಕ್ಕಳಲ್ಲಿ ಹತ್ತು ಮಂದಿಯನ್ನು ಚೀಟಿ ಎತ್ತಿ ಆರಿಸಿ, ತಾಲ್ಲೂಕಿನ ಹರಡುವಿಕೆಯನ್ನು ಊಹಿಸುವುದಾದರೆ 9. ಆರಿಸಿದ ಹತ್ತು ಮಂದಿ ತಮ್ಮದೇ ಸರಾಸರಿಗೆ ಹತ್ತಿರವಾಗಿರುತ್ತಾರೆ, ತಾಲ್ಲೂಕಿನ ನಿಜವಾದ ಸರಾಸರಿಗೆ ಅಷ್ಟು ಹತ್ತಿರವಿರುವುದಿಲ್ಲ. ಆದ್ದರಿಂದ ಚೌಕಗಳ ಮೊತ್ತ ತುಸು ಕಡಿಮೆಯೇ ಬರುತ್ತದೆ, 9ರಿಂದ ಭಾಗಿಸಿ ಅದನ್ನು ಸರಿದೂಗಿಸುತ್ತೇವೆ. ಒಬ್ಬರು 10ರಿಂದ, ಪಕ್ಕದ ಬೆಂಚಿನವರು 9ರಿಂದ ಭಾಗಿಸಿ ಎರಡು ಸೆಕ್ಷನ್‌ಗಳನ್ನು ಹೋಲಿಸುವುದು ಮಾತ್ರ ಬೇಡ.

ಮಾನಕ ವಿಚಲನೆಗೆ ಕಾಣದ ಒಂದು ಸಂಗತಿಯೂ ಇದೆ. ಸಿ ಸೆಕ್ಷನ್ ಎಂದು ಮೂರನೆಯದನ್ನು ಕಲ್ಪಿಸಿಕೊಳ್ಳಿ: ಐವರಿಗೆ 39, ಐವರಿಗೆ 81. ಸರಾಸರಿ ಮತ್ತೆ 60. ಪ್ರತಿ ವಿಚಲನೆಯೂ −21 ಇಲ್ಲವೇ 21, ಆದ್ದರಿಂದ ಮಾನಕ ವಿಚಲನೆ 21. ಬಿ ಸೆಕ್ಷನ್‌ನ 21.17ಕ್ಕೂ ಇದಕ್ಕೂ ಸಂಖ್ಯೆಯಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು. ಆದರೆ ಬಿ ಸೆಕ್ಷನ್‌ನಲ್ಲಿ ಮಕ್ಕಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದಾರೆ, ಸಿ ಸೆಕ್ಷನ್‌ನಲ್ಲಿ ಎರಡು ಗುಂಪು, ನಡುವೆ ಯಾರೂ ಇಲ್ಲ. ಅಪ್ಪ ಅಮ್ಮ ಕಾಫಿ ಕುಯ್ಲಿಗೆಂದು ಲೈನ್‌ಮನೆಗೆ ಬಂದ ಮೇಲೆ, ವರ್ಷದ ನಡುವೆ ಸೇರಿದ ಮಕ್ಕಳಿರುವ ತರಗತಿಯಲ್ಲಿ ಇಂಥ ಎರಡು ಗುಡ್ಡೆ ಬಿದ್ದರೆ, ಸೇರುವ ಮೊದಲು ನಡೆದ ಪಾಠಗಳು ಯಾವುವು ಎಂದು ಹಾಜರಿ ಪುಸ್ತಕ ತೆರೆದು ನೋಡಬೇಕಾಗುತ್ತದೆ. ಬಿ ಸೆಕ್ಷನ್‌ಗೆ ಆ ಉಪಾಯ ಹೊಂದುವುದಿಲ್ಲ. ಅಲ್ಲಿ ಒಬ್ಬೊಬ್ಬರ ಉತ್ತರಪತ್ರಿಕೆಯನ್ನೇ ಬಿಡಿಸಿ ನೋಡಬೇಕು. ಎ ಸೆಕ್ಷನ್‌ನಲ್ಲಿ ಎಲ್ಲರೂ ತಪ್ಪಿದ ಪ್ರಶ್ನೆ ಯಾವುದು ಎಂದು ಹುಡುಕಿ ಆ ಪಾಠವನ್ನು ಮತ್ತೊಮ್ಮೆ ಮಾಡಿದರೆ ಬಹುಪಾಲು ಕೆಲಸ ಮುಗಿದಂತೆ.

ಅದಕ್ಕೇ ಚುಕ್ಕೆ ಇಟ್ಟ ಗ್ರಾಫ್ ಹಾಳೆಯನ್ನು ಲೆಕ್ಕ ಮುಗಿದ ಮೇಲೂ ಎಸೆಯಲು ಬಿಡುವುದಿಲ್ಲ. ಅಂಕಪಟ್ಟಿಯಲ್ಲಿ ಸರಾಸರಿಯ ಪಕ್ಕ ಮಾನಕ ವಿಚಲನೆಗೆ ಒಂದು ಕಾಲಂ ಹಾಕಿ, ಆ ಹಾಳೆಯನ್ನು ಅದರ ಹಿಂದೆಯೇ ಪಿನ್ ಮಾಡಿಡುತ್ತೇನೆ.