ಜುಲೈ 31 ದಾಟಿದರೆ ಏನಾಗುತ್ತೆ?

ನಮ್ಮ ಲೆಕ್ಕಪತ್ರದ ಕಚೇರಿಗೆ ಬರುವವರನ್ನು ಕೇಳಿದೆವು: ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡುವಿನ ಬಗ್ಗೆ ನಿಮಗಿರುವ ದೊಡ್ಡ ಭಯ ಯಾವುದು? ಹೆಚ್ಚಿನವರು ಹೇಳಿದ್ದು ಒಂದೇ. ದಿನ ತಪ್ಪಿದರೆ ಸಾವಿರಾರು ರೂಪಾಯಿ ದಂಡ, ಜೊತೆಗೆ ನೋಟಿಸ್.

ಸಂಬಳದವರೊಬ್ಬರ ಲೆಕ್ಕ ನೋಡಿ. ಆದಾಯ 5 ಲಕ್ಷಕ್ಕಿಂತ ಜಾಸ್ತಿ. ಟಿಡಿಎಸ್ ಕಳೆದು ಇನ್ನೂ 8,000 ರೂಪಾಯಿ ತೆರಿಗೆ ಬಾಕಿ. ಅವರು ಸೆಪ್ಟೆಂಬರ್ 5ಕ್ಕೆ ಸಲ್ಲಿಸಿದರು. ತಡ ಶುಲ್ಕ 5,000. ಬಾಕಿಗೆ ತಿಂಗಳಿಗೆ ಶೇ. 1 ಬಡ್ಡಿ. ತಿಂಗಳ ಒಂದು ಭಾಗವೂ ಪೂರ್ತಿ ತಿಂಗಳೇ, ಹಾಗಾಗಿ 2 ತಿಂಗಳಿಗೆ 160 ರೂಪಾಯಿ. ಅಷ್ಟೇ. ಆದಾಯ 5 ಲಕ್ಷದೊಳಗಿದ್ದರೆ ಶುಲ್ಕ 1,000 ಮಾತ್ರ. ತಡವಾದ ರಿಟರ್ನ್‌ಗೆ ಡಿಸೆಂಬರ್ 31ರವರೆಗೆ ಅವಕಾಶವಿದೆ.

ನಿಜವಾಗಿ ಹೆದರಬೇಕಾದದ್ದು ಬೇರೆ. ಗಡುವು ತಪ್ಪಿದರೆ ಸಂಬಳದವರು ಹಳೆಯ ತೆರಿಗೆ ಪದ್ಧತಿ ಆರಿಸುವಂತಿಲ್ಲ. ಆ ಪದ್ಧತಿಯಲ್ಲಷ್ಟೇ ಸಿಗುವ ಎಲ್‌ಐಸಿ, ಮನೆ ಬಾಡಿಗೆ ವಿನಾಯಿತಿ ನಂಬಿಕೊಂಡವರಿಗೆ ಈ ನಷ್ಟ ಶುಲ್ಕಕ್ಕಿಂತ ದೊಡ್ಡದಾಗಬಹುದು. ಷೇರಿನ ನಷ್ಟವನ್ನೂ ಮುಂದಿನ ವರ್ಷಕ್ಕೆ ಒಯ್ಯಲಾಗದು.

ಇನ್ನೊಂದು, ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಓಟಿಪಿಯಿಂದ ದೃಢೀಕರಿಸಿ. ಜುಲೈ 30ಕ್ಕೆ ಸಲ್ಲಿಸಿ ಇದನ್ನು ಮರೆತರೆ ನೀವು ತಡ ಮಾಡಿದವರ ಸಾಲಿಗೇ ಸೇರುತ್ತೀರಿ. ನೀವು ದೃಢೀಕರಿಸಿದ್ದೀರಿ ಅಲ್ವಾ?