ಸಿಇಟಿ ಆಪ್ಷನ್ ಎಂಟ್ರಿ: ಸಿಗುವುದನ್ನಲ್ಲ, ಬೇಕಾದದ್ದನ್ನು ಮೊದಲು ಹಾಕಿ

"ಆರ್‌.ವಿ. ಹೇಗೂ ಸಿಗಲ್ಲ ಬಿಡಿ ಸರ್, ಸಿಗೋದನ್ನೇ ಮೊದಲು ಹಾಕಿಬಿಡೋಣ." ಕೆಇಎ ಪೋರ್ಟಲ್‌ನಲ್ಲಿ ಕಾಲೇಜು, ಕೋರ್ಸುಗಳನ್ನು ಆದ್ಯತೆ ಪ್ರಕಾರ ನಮೂದಿಸುವ ಆಪ್ಷನ್ ಎಂಟ್ರಿ ಶುರುವಾದರೆ ಸೈಬರ್ ಸೆಂಟರ್‌ಗಳಲ್ಲಿ ಈ ಮಾತು ಕೇಳಿಯೇ ಕೇಳುತ್ತದೆ. ಒಳ್ಳೆಯ ರ‍್ಯಾಂಕ್ ಇದ್ದವರೂ ಕೆಳಗಿನ ಸೀಟಿಗೆ ತೃಪ್ತಿಪಡಬೇಕಾಗುವುದು ಹೀಗೇ.

ಲಾಗಿನ್ ಆಗುವುದು, ಕಾಲೇಜು ಹುಡುಕುವುದು, ಕೋರ್ಸಿನ ಎದುರು ಆದ್ಯತೆ ಸಂಖ್ಯೆ ಹಾಕಿ ಸೇವ್ ಮಾಡುವುದು, ಇವೆಲ್ಲ ಸುಲಭ. ಕಷ್ಟವಿರುವುದು ಕ್ರಮದಲ್ಲಿ. ಹಾಗಾಗಿ ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಮನೆಯಲ್ಲಿ ಪೂರ್ತಿ ಪಟ್ಟಿ ಬರೆಯಿರಿ. ಪೆನ್ಸಿಲಲ್ಲೇ ಬರೆಯಿರಿ, ಅಳಿಸುವುದು ಬಹಳ ಇರುತ್ತದೆ.

ಸೀಟು ಹಂಚುವ ಸಾಫ್ಟ್‌ವೇರ್ ಕೆಲಸ ಮಾಡುವ ರೀತಿ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಅದು ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ಮೊದಲ ಆಪ್ಷನ್ ನೋಡುತ್ತದೆ. ಸೀಟು ಖಾಲಿ ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಸೀಟು ಸಿಕ್ಕ ಕಡೆ ನಿಲ್ಲುತ್ತದೆ.

ಉದಾಹರಣೆಗೆ, 12,000 ರ‍್ಯಾಂಕ್‌ನ ಒಬ್ಬ ಹುಡುಗಿ ಅಂದುಕೊಳ್ಳಿ. ಅವಳ ಮನಸ್ಸಿನ ಕ್ರಮ ಹೀಗಿದೆ: ಆರ್‌.ವಿ. ಕಂಪ್ಯೂಟರ್ ಸೈನ್ಸ್, ಬಿಎಂಎಸ್ ಕಂಪ್ಯೂಟರ್ ಸೈನ್ಸ್, ಮೈಸೂರಿನ ಎನ್‌ಐಇ ಇನ್ಫರ್ಮೇಶನ್ ಸೈನ್ಸ್, ಹಾಸನದ ಮಲ್ನಾಡ್ ಕಾಲೇಜಿನ ಕಂಪ್ಯೂಟರ್ ಸೈನ್ಸ್. ಅವಳ ಸರದಿ ಬರುವ ಹೊತ್ತಿಗೆ ಮೊದಲ ಮೂರೂ ಭರ್ತಿಯಾಗಿದ್ದು ಹಾಸನದಲ್ಲಿ ಸೀಟು ಇದ್ದರೆ, ಅದು ಅವಳಿಗೇ ಸಿಗುತ್ತದೆ. ಹಾಸನವನ್ನು ಮೊದಲು ಬರೆದಿದ್ದರೂ ಅದೇ ಸೀಟು. ಮೇಲೆ ಮೂರು ಆಸೆ ಬರೆದಿದ್ದಕ್ಕೆ ಅವಳು ಕಳೆದುಕೊಂಡಿದ್ದು ಏನೂ ಇಲ್ಲ. 15,000 ರ‍್ಯಾಂಕ್‌ನವನು ಹಾಸನವನ್ನೇ ಮೊದಲ ಆಪ್ಷನ್ ಮಾಡಿಕೊಂಡಿದ್ದರೂ ಇವಳನ್ನು ದಾಟಿ ಹೋಗಲಾರ. ಅವನ ಸರದಿ ಬರುವುದೇ ಇವಳ ನಂತರ.

ಈಗ ತಿರುವಿ ನೋಡಿ. ಹಾಸನವನ್ನು ಮೇಲೆ ಹಾಕಿದ್ದಾಳೆ, ಆದರೆ ಎನ್‌ಐಇಯಲ್ಲೂ ಒಂದು ಸೀಟು ಉಳಿದಿತ್ತು. ಸಾಫ್ಟ್‌ವೇರ್ ಹಾಸನ ಕೊಟ್ಟು ಸುಮ್ಮನಾಗುತ್ತದೆ. ಸೀಟು ಸಿಕ್ಕ ಆಪ್ಷನ್‌ಗಿಂತ ಕೆಳಗಿರುವುದೆಲ್ಲ ಮುಂದಿನ ಸುತ್ತಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎನ್‌ಐಇ ಸೀಟು ಅವಳಿಗಿಂತ ಹಿಂದಿನ ರ‍್ಯಾಂಕ್‌ನವರ ಪಾಲಾಗುತ್ತದೆ.

ಕ್ರಮ ಜೋಡಿಸಲು ನಾನು ಎಲ್ಲರಿಗೂ ಹೇಳುವುದು ಒಂದೇ ಉಪಾಯ. ಪಟ್ಟಿಯಲ್ಲಿ ಅಕ್ಕಪಕ್ಕದ ಎರಡನ್ನು ಹಿಡಿದು, "ಇವೆರಡೂ ಇವತ್ತೇ ಸಿಕ್ಕರೆ ಯಾವುದಕ್ಕೆ ಹೋಗ್ತೀಯ?" ಅಂತ ಮಗುವನ್ನೇ ಕೇಳಿ. ಉತ್ತರ ಮೇಲಕ್ಕೆ ಹೋಗಲಿ. ಕಾಲೇಜು ಮುಖ್ಯವೋ ಕೋರ್ಸ್ ಮುಖ್ಯವೋ ಅನ್ನುವ ಜಗಳ ಇಲ್ಲೇ ಮುಗಿಯುತ್ತದೆ. ನನ್ನ ಪ್ರಕಾರ ಇಷ್ಟವಿಲ್ಲದ ಬ್ರ್ಯಾಂಚನ್ನು ಕಾಲೇಜಿನ ಹೆಸರಿಗಾಗಿ ಬರೆಯಲೇಬಾರದು. ಸಿಕ್ಕರೂ ಸೇರುವುದಿಲ್ಲ ಅನ್ನುವಂಥದ್ದಕ್ಕೆ ಪಟ್ಟಿಯಲ್ಲಿ ಜಾಗವೇ ಬೇಡ.

ಹಾಗಾದರೆ ಕಟ್‌ಆಫ್ ಯಾತಕ್ಕೆ? ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ತಿಳಿಯಲು. ನಿಮ್ಮ ರ‍್ಯಾಂಕ್‌ಗೆ ಹೋದ ವರ್ಷ ಆರಾಮಾಗಿ ಸಿಕ್ಕಿದ್ದ ನಾಲ್ಕಾರು ಆಪ್ಷನ್‌ಗಳು ಕೊನೆಯಲ್ಲಿ ಇರಲೇಬೇಕು. ಬರೀ ದೊಡ್ಡ ಹೆಸರು ಬರೆದವರಿಗೆ ಸೀಟೇ ಬರುವುದಿಲ್ಲ. ಕೆಇಎ ಕಟ್‌ಆಫ್ ಪಟ್ಟಿಯಲ್ಲಿ ನಿಮ್ಮ ಕಾಲಂ ಸರಿಯಾಗಿ ನೋಡಿ. 2AG, 2AK, 2AR ಮೂರೂ ಬೇರೆ ಬೇರೆ. K ಅಂದರೆ ಕನ್ನಡ ಮಾಧ್ಯಮ, R ಅಂದರೆ ಗ್ರಾಮೀಣ. ಆ ಮೀಸಲಾತಿ ನಿಮ್ಮ ಅರ್ಜಿಯಲ್ಲಿ ಒಪ್ಪಿಗೆಯಾಗಿಲ್ಲದಿದ್ದರೆ ಆ ಅಂಕಿ ನಿಮ್ಮದಲ್ಲ. ಇದೇ ಅಂಕಿಗಳನ್ನು ಬಣ್ಣ ಬಳಿದು "ಪ್ರಿಡಿಕ್ಟರ್" ಅಂತ ದುಡ್ಡಿಗೆ ಮಾರುವ ಆ್ಯಪ್‌ಗಳಿವೆ. ಟೆಲಿಗ್ರಾಂನಲ್ಲಿ ಸಿದ್ಧ ಪಟ್ಟಿ ಮಾರುವವರೂ ಇದ್ದಾರೆ. ಸುಮ್ನೆ ದುಡ್ಡು ದಂಡ.

ಟೈಪ್ ಮಾಡುವಾಗ ಕೋಡ್ ನೋಡಿ. E005CS ಅಂದರೆ ಆರ್‌.ವಿ. ಕಂಪ್ಯೂಟರ್ ಸೈನ್ಸ್. ಬಿಎಂಎಸ್, ಎನ್‌ಐಇಯಂಥ ಕಾಲೇಜುಗಳಲ್ಲಿ ಅನುದಾನಿತ ಸೀಟು, ಅನುದಾನರಹಿತ ಸೀಟು ಎರಡೂ ಇವೆ. ಶುಲ್ಕ ಬೇರೆ, ಪಟ್ಟಿಯಲ್ಲಿ ಸಾಲೂ ಬೇರೆ. ಕಡಿಮೆ ಶುಲ್ಕದ್ದನ್ನು ಮೇಲೆ ಬರೆದು ಇನ್ನೊಂದನ್ನು ಮರೆಯುವವರು ಜಾಸ್ತಿ. ಎರಡೂ ಬೇಕಿದ್ದರೆ ಎರಡಕ್ಕೂ ಸಂಖ್ಯೆ ಕೊಡಿ.

ಪಾಸ್‌ವರ್ಡ್, ಒಟಿಪಿ ಸೈಬರ್ ಸೆಂಟರಿನವರ ಕೈಗೆ ಕೊಟ್ಟು ಮನೆಗೆ ಬರಬೇಡಿ. ಸೇವ್ ಆದ ಪಟ್ಟಿಯನ್ನು ಪ್ರಿಂಟ್ ತೆಗೆದು, ಮನೆಯ ಪೆನ್ಸಿಲ್ ಪಟ್ಟಿಯ ಜೊತೆ ಸಾಲು ಸಾಲಾಗಿ ಹೋಲಿಸಿ.

ಆಮೇಲೆ ಬರುವ ಅಣಕು ಹಂಚಿಕೆ ನಿಜವಾದ ಸೀಟಲ್ಲ. ಅದರಲ್ಲಿ ಎನ್‌ಐಇ ಬಂತು ಅಂತ ಕೆಳಗಿನದನ್ನೆಲ್ಲ ಅಳಿಸಿ ಕೂರಬೇಡಿ. ಉಳಿದವರೂ ಆಮೇಲೆ ಕ್ರಮ ಬದಲಿಸುತ್ತಾರೆ, ನಿಜವಾದ ಹಂಚಿಕೆಯಲ್ಲಿ ಅದು ಕೈತಪ್ಪಬಹುದು. ಅಣಕು ಹಂಚಿಕೆಯ ನಂತರ ಕೊಡುವ ಕಾಲಾವಕಾಶದಲ್ಲಿ ಮರೆತ ಆಪ್ಷನ್ ಸೇರಿಸಿ, ತಪ್ಪಿದ ಕ್ರಮ ಸರಿಮಾಡಿ, ಇನ್ನೊಮ್ಮೆ ಪ್ರಿಂಟ್ ತೆಗೆಯಿರಿ.